ಒರೆಸದ ಕುಂಕುಮ

ಯಾಮಿನಿಯ ಪ್ರಬಂಧದ ಮೂರನೆಯ ಪುಟದಲ್ಲಿ ಅಚ್ಚಾದ ಗೋಡೆಯ ಫೋಟೋ ತೆಗೆದವಳು ಇಸಕ್ಕಿ. ಅದರ ಕೆಳಗೆ ಇದ್ದದ್ದು ಯಾಮಿನಿಯ ಹೆಸರು.

ಮದುರೆಯ ವಿಶ್ವವಿದ್ಯಾಲಯದಲ್ಲಿ ಇಬ್ಬರೂ ಪ್ರೊಫೆಸರ್ ಅರುಣಾಚಲಂ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದರು. ದೇವಸ್ಥಾನದ ಧರ್ಮವನ್ನಲ್ಲ, ಮನೆಯೊಳಗೆ ಜನ ಬದುಕುವ ಧರ್ಮವನ್ನು ಬರೆಯಬೇಕು ಎನ್ನುವುದು ಪ್ರೊಫೆಸರರ ಹಟ. ಅದಕ್ಕೆ ಸಾಕ್ಷಿ ಗೋಡೆಯ ಮೇಲಿನ ಕ್ಯಾಲೆಂಡರು, ಪಟ. ಶಿವಕಾಶಿಯ ಸುತ್ತ ಪಟಾಕಿ ಮದ್ದು ತುಂಬುವವರ, ಬೆಂಕಿಪೊಟ್ಟಣ ಅಂಟಿಸುವವರ ಬೀದಿಗಳಲ್ಲಿ ಮನೆಮನೆ ಹೊಕ್ಕವಳು ಇಸಕ್ಕಿ. ಅವಳು ಹುಟ್ಟಿದ್ದೂ ಅಂಥದೇ ಬೀದಿಯಲ್ಲಿ. ತೆಗೆದ ಫೋಟೋಗಳನ್ನೆಲ್ಲ ವಿಭಾಗದ ಕಂಪ್ಯೂಟರಿಗೆ ಹಾಕಿದಳು. ಅಲ್ಲಿಂದ ಯಾಮಿನಿ ಎತ್ತಿಕೊಂಡಳು.

"ವಿಭಾಗದ್ದು ಅಂದ್ಮೇಲೆ ಎಲ್ಲರದ್ದೂ ಅಲ್ವೇನಮ್ಮಾ," ಎಂದಿದ್ದರು ಅರುಣಾಚಲಂ. "ನೀನು ಫೀಲ್ಡಿಗೆ ಸರಿ. ಬರವಣಿಗೆ ಯಾಮಿನಿ ಕೈಲಿ ಚೆನ್ನಾಗಿ ಬರುತ್ತೆ."

ಇಸಕ್ಕಿಗೆ ಉರಿದದ್ದು ಆ ಮಾತಿಗಲ್ಲ. ಅದು ನಿಜವಾಗಿತ್ತಲ್ಲ, ಅದಕ್ಕೆ. ಲೈಬ್ರರಿಯ ಮೂಲೆಯಲ್ಲಿ ಕೂತು ಆ ಪ್ರಬಂಧವನ್ನು ಬಾಯಿಪಾಠವಾಗುವಷ್ಟು ಸಲ ಓದಿದಳು. ಒಂದೊಂದು ವಾಕ್ಯವೂ ಎಣ್ಣೆ ಹಚ್ಚಿ ಬಾಚಿದ ಜಡೆಯ ಹಾಗಿತ್ತು. ಯಾಮಿನಿಯ ಅಪ್ಪ, ಅಜ್ಜ ಇಬ್ಬರೂ ಮೇಷ್ಟ್ರು. ಮನೆಯಲ್ಲಿ ಗೋಡೆ ತುಂಬ ಪುಸ್ತಕ. ಇಸಕ್ಕಿಯ ಮನೆಯಲ್ಲಿದ್ದ ಅಚ್ಚಾದ ಕಾಗದವೆಂದರೆ ಅಂಟಿಸಲು ಬಂದ ಬೆಂಕಿಪೊಟ್ಟಣದ ಲೇಬಲ್ಲು. ಆ ನಯ ತನ್ನ ಕೈಗೆ ಯಾಕೆ ಬರಲಿಲ್ಲ ಎಂದು ಮತ್ತೆ ಮತ್ತೆ ಕೇಳಿಕೊಂಡಳು. ಯಾಮಿನಿ ಕ್ಯಾಂಟೀನಿನಲ್ಲಿ ನಕ್ಕರೆ ತನ್ನನ್ನು ನೋಡಿಯೇ ನಕ್ಕಳು ಅನ್ನಿಸಿತು. ಯಾಮಿನಿ ಕರೆದು ವಡೆ ಕೊಡಿಸಿದರೆ ಅದು ಇನ್ನೂ ಉರಿಸಿತು.

ಎಲ್ಲರೂ ಮೆಚ್ಚಿದ್ದು ಪ್ರಬಂಧದ ಒಂದು ಭಾಗವನ್ನು. ಶಿವಕಾಶಿಯ ಪಕ್ಕದ ತಿರುತ್ತಂಗಲ್ಲಿನ ಪೇಚಿಯಮ್ಮಾಳ್ ಎಂಬ ಹೆಂಗಸಿನ ಮನೆಯಲ್ಲಿ ಗಿಳಿ ಹಿಡಿದ ಬಾಲೆ ಮೀನಾಕ್ಷಿಯ ಕ್ಯಾಲೆಂಡರ್ ಪಟ. ತಾರೀಕಿನ ಹಾಳೆಗಳು ಮುಗಿದು ವರ್ಷಗಳಾಗಿದ್ದರೂ ಪಟ ಮೊಳೆಯಿಂದ ಇಳಿದಿಲ್ಲ. ಮುಖದ ತುಂಬ ಕುಂಕುಮ. ಪಕ್ಕದ ಮೊಳೆಗೆ ಗಾಜಿನ ಬಳೆ, ಕೆಂಪು ರಿಬ್ಬನ್ನು. ಕೆಳಗೆ ಪೌಡರ್ ಡಬ್ಬಿ. ಅಡಿಯಲ್ಲಿ ಕಂಪನಿಯ ಹೆಸರಿದ್ದ ಪಟ್ಟಿಯನ್ನು ಯಾರೋ ಕತ್ತರಿಯಿಂದ ಕತ್ತರಿಸಿದ್ದಾರೆ. ಯಾಮಿನಿ ಬರೆದಿದ್ದಳು: ಅಂಗಡಿಯವರು ಪುಕ್ಕಟೆ ಹಂಚುವ ಕ್ಯಾಲೆಂಡರು ಗೋಡೆಯಲ್ಲಿದ್ದ ಮಾತ್ರಕ್ಕೆ ಭಕ್ತಿಗೆ ಸಾಕ್ಷಿಯಾಗದು; ಜನ ಅದಕ್ಕೆ ಏನು ಮಾಡಿದರು ಎನ್ನುವುದೇ ಸಾಕ್ಷಿ. ಇಲ್ಲಿ ವ್ಯಾಪಾರದ ಹೆಸರನ್ನು ಕತ್ತರಿಸಿ ತೆಗೆದಾಗ ಸರಕು ದೇವರಾಯಿತು. ಈ ಬಡಮನೆಯ ಕುಲದೇವತೆ ಮೀನಾಕ್ಷಿ.

ಮೊದಲ ಮಾತು ಸರಿ ಎಂದು ಇಸಕ್ಕಿಗೂ ಗೊತ್ತು. ಎರಡನೆಯದರಲ್ಲಿ ತಪ್ಪು ಹುಡುಕಲೆಂದೇ, ಹಲ್ಲು ಕಚ್ಚಿಕೊಂಡು, ಒಬ್ಬಳೇ ಬಸ್ಸು ಹತ್ತಿ ತಿರುತ್ತಂಗಲ್ಲಿಗೆ ಹೋದಳು. ಮೊದಲ ಸಲ ಫೋಟೋ ತೆಗೆದಾಗ ತಾನೇ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಕೇಳಿದಳು.

"ಅತ್ತೆ, ಈ ತಾಯಿ ಯಾರು?"

"ತಾಯಿ ಎಲ್ಲಿಂದ ಬಂತೇ? ನಮ್ಮ ಪೊನ್ನಿ ಅಲ್ವಾ ಅದು," ಎಂದಳು ಪೇಚಿಯಮ್ಮಾಳ್, ಹುಣಸೆಹುಳಿ ಕಿವುಚುತ್ತಲೇ.

ಪೊನ್ನಿ ಮಗಳು. ಮದ್ದಿನ ಶೆಡ್ಡು ಸಿಡಿದಾಗ ಒಳಗಿದ್ದವಳು. ಮದುವೆಯಾಗದೆ ಸತ್ತ ಹೆಣ್ಣುಮಗಳು ಆ ಸೀಮೆಯಲ್ಲಿ ಮನೆಗೆ ಕನ್ನಿ ದೈವವಾಗಿ ನಿಲ್ಲುತ್ತಾಳೆ. ಅವಳಿಗೆ ಬಳೆ, ರಿಬ್ಬನ್ನು, ಪೌಡರು ಇಡುತ್ತಾರೆ. ಇಡಲು ಪೊನ್ನಿಯದೊಂದು ಫೋಟೋ ಇರಲಿಲ್ಲ. ದೀಪಾವಳಿಗೆ ಆ ಶೆಡ್ಡಿನ ಕಂಪನಿಯವರೇ ಕೊಟ್ಟ ಕ್ಯಾಲೆಂಡರಿನಲ್ಲಿದ್ದ ಹುಡುಗಿಯ ಮೂಗು ಪೊನ್ನಿಯ ಮೂಗಿನ ಹಾಗೇ ಇತ್ತು.

"ಕೆಳಗಡೆ ಕತ್ತರಿಸಿದ್ದು ಯಾಕತ್ತೆ?"

"ಮಗಳನ್ನ ಸುಟ್ಟವನ ಹೆಸರು ಮಗಳ ಕಾಲಡಿ ಬೇಕೇನೇ?"

ಬಸ್ಸಿನಲ್ಲಿ ಹಿಂದಿರುಗುವಾಗ ಇಸಕ್ಕಿ ಅತ್ತಳು. ಅತ್ತ ಕಣ್ಣಲ್ಲೇ ಸಂತೋಷಪಟ್ಟಳು. ಯಾಮಿನಿ ತಪ್ಪಿದ್ದಳು. ಈ ಮಾತನ್ನು ಯಾರಿಗೂ ಹೇಳಲಿಲ್ಲ. ತನ್ನದೇ ಪ್ರಬಂಧ ಬರೆಯುವ ತನಕ ಇದು ತನ್ನ ಸೆರಗಿನ ಗಂಟು. ಪೇಚಿಯಮ್ಮಾಳ್ ಒಪ್ಪಿದರೆ ಮಾತ್ರ ಬರೆಯುವುದು ಎಂದೂ ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೂ ತನ್ನ ಬಗ್ಗೆ ಕೊಂಚ ಹೆಮ್ಮೆಪಟ್ಟಳು.

ಅಷ್ಟರಲ್ಲಿ ಯಾಮಿನಿಯ ಪ್ರಬಂಧ ಪುಸ್ತಕವಾಗುವುದೆಂದು ಸುದ್ದಿ ಬಂತು. ಮುಖಪುಟಕ್ಕೆ ಅದೇ ಪಟ. ಪ್ರಕಾಶಕರು ಹೊಸ ಫೋಟೋ ಕೇಳಿದ್ದರು. ಕುಂಕುಮದಿಂದ ಮುಖವೇ ಕಾಣುತ್ತಿಲ್ಲ, ದೇವಿ ಸ್ಪಷ್ಟವಾಗಿ ಕಾಣಬೇಕು. ಅರುಣಾಚಲಂ ಇಸಕ್ಕಿಯನ್ನು ಕರೆದರು. "ಆ ಮನೆಯೋರು ನಿನ್ನ ಮಾತು ಕೇಳ್ತಾರೆ. ಯಾಮಿನಿ ಜೊತೆ ಹೋಗಿ ಮಾಡಿಸ್ಕೊಂಡು ಬಾ. ಪುಸ್ತಕದ ಮೇಲೆ ನಿನ್ನ ಹೆಸರೂ ಹಾಕಿಸೋಣ. ಇಬ್ಬರ ಹೆಸರು."

ಇಬ್ಬರ ಹೆಸರು. ಆ ಮಾತು ಬಸ್ಸಿನುದ್ದಕ್ಕೂ ಇಸಕ್ಕಿಯ ಬಾಯಲ್ಲಿ ಬೆಲ್ಲದ ಹಾಗೆ ಕರಗಿತು. ಪಕ್ಕದ ಸೀಟಿನಲ್ಲಿ ಯಾಮಿನಿ ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಪೇಚಿಯಮ್ಮಾಳ್ ಯಾಮಿನಿಯ ಕೆನ್ನೆ ನೇವರಿಸಿದಳು. "ಎಷ್ಟು ಲಕ್ಷಣವಾಗಿದೀಯಾ ಕಣ್ಣಮ್ಮಾ. ಕೂತ್ಕೋ, ಕಾಪಿ ತರ್ತೀನಿ." ಇಸಕ್ಕಿಗೆ ಆ ನೇವರಿಕೆಯೂ ಚುಚ್ಚಿತು. ತನಗೆ ಯಾವತ್ತೂ ಸಿಗದ್ದು ಇವಳಿಗೆ ಬಂದ ಗಳಿಗೆಯಲ್ಲೇ. ಪೇಚಿಯಮ್ಮಾಳ್ ಹಿತ್ತಲ ಒಲೆಯ ಕಡೆಗೆ ಹೋದಳು.

ಯಾಮಿನಿ ಕ್ಯಾಮರಾ ಹೊಂದಿಸಿದಳು, ಕಿಟಕಿಯ ಬಟ್ಟೆ ಸರಿಸಿದಳು. "ಮೆರುಗಿನ ಕಾಗದ ಕಣೇ, ಒದ್ದೆ ಬಟ್ಟೆಲಿ ಒರೆಸಿದ್ರೆ ಪಟ್ಟನೆ ಹೋಗುತ್ತೆ. ಆಮೇಲೆ ಅವರೇ ಮತ್ತೆ ಹಚ್ಕೋತಾರೆ, ಅಲ್ವಾ?"

"ಹಚ್ಕೋಬಹುದು," ಎಂದಳು ಇಸಕ್ಕಿ.

ಸುಮ್ಮನಿದ್ದರೆ ಸಾಕಿತ್ತು. ಯಾಮಿನಿ ತನ್ನ ಕೈಯಿಂದಲೇ ಒರೆಸುವಳು. ಆ ಹೊತ್ತಿಗೆ ಕಾಪಿ ಹಿಡಿದು ಪೇಚಿಯಮ್ಮಾಳ್ ಬರುವಳು. ಆಮೇಲೆ ಈ ಬೀದಿಯಲ್ಲಿ ಯಾವ ಮನೆಯ ಬಾಗಿಲೂ ಯಾಮಿನಿಗೆ ತೆರೆಯದು. ಪುಸ್ತಕವೂ ಇರದು, ನಯವಾದ ವಾಕ್ಯಗಳೂ ಇರವು. ಇಸಕ್ಕಿ ಅದನ್ನು ಕಣ್ಣೆದುರು ಕಂಡಳು, ರುಚಿ ನೋಡಿದಳು. ಪಟದ ಮುಂದಿನಿಂದ ಪಕ್ಕಕ್ಕೆ ಸರಿದು ನಿಂತಳು.

ಯಾಮಿನಿ ಕರವಸ್ತ್ರವನ್ನು ಹೂಜಿಯ ನೀರಿಗೆ ಅದ್ದಿ ಹಿಂಡಿದಳು. ಆಮೇಲೆ, ಏನೋ ಯೋಚಿಸಿ, ಅದನ್ನು ಇಸಕ್ಕಿಯ ಕೈಗಿತ್ತಳು.

"ನೀನೇ ಒರೆಸು. ನಿಮ್ಮೋರೇ ತಾನೆ, ನೀನು ಮುಟ್ಟಿದ್ರೆ ಏನೂ ಅನ್ನಲ್ಲ."

ಇಸಕ್ಕಿ ಪಟದ ಹತ್ತಿರ ಹೋದಳು. ಬೆರಳಿನ ಗುರುತುಗಳು ಕಂಡವು. ಶುಕ್ರವಾರ ಶುಕ್ರವಾರ ಒಂದೇ ಬೆರಳು ಒಂದೇ ಹಣೆಗೆ ಹಚ್ಚಿದ್ದು, ಹಣೆ ತುಂಬಿ ಕೆನ್ನೆಗೆ ಇಳಿದದ್ದು. ಕೆಳಗೆ ಕತ್ತರಿಯ ಅಂಚು ನೆಟ್ಟಗಿರಲಿಲ್ಲ. ಕರವಸ್ತ್ರದಿಂದ ನೀರು ಅವಳ ಮೊಣಕೈಗೆ ಹರಿಯಿತು.

"ಏನೇ, ನಿದ್ದೆನಾ? ಬೆಳಕು ಹೋಗುತ್ತೆ," ಎಂದಳು ಯಾಮಿನಿ ಕ್ಯಾಮರಾದ ಹಿಂದಿನಿಂದ.

"ಒರೆಸಲ್ಲ."

"ಯಾಕೆ?"

ಯಾಕೆ ಎಂದು ಹೇಳಿದರೆ ಅದೂ ಯಾಮಿನಿಯದಾಗುತ್ತದೆ, ನಾಳೆ ಅಚ್ಚಾಗುತ್ತದೆ, ಚೆಂದವಾಗಿ.

"ಹುಚ್ಚು ಹಿಡೀತಾ? ಸಾರ್ ಹೇಳಿದ್ದು ನೆನಪಿದೆ ತಾನೆ? ಪುಸ್ತಕದ ಮೇಲೆ ನಿನ್ನ ಹೆಸರು ಬೇಡ್ವಾ?"

ಬೇಕಿತ್ತು. ಈಗಲೂ ಬೇಕಿತ್ತು. ಯಾಮಿನಿ ಎದ್ದು ಬಂದು ಕರವಸ್ತ್ರಕ್ಕೆ ಕೈ ಚಾಚಿದಳು. ಇಸಕ್ಕಿ ಅದನ್ನು ಮುಷ್ಟಿಯಲ್ಲಿ ಮುದುಡಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಪಟಕ್ಕೆ ಅಡ್ಡ ನಿಂತಳು. ಹಿತ್ತಲಿನಿಂದ ಲೋಟಗಳ ಸದ್ದು ಹತ್ತಿರವಾಗುತ್ತಿತ್ತು.

"ನಾನೂ ಒರೆಸಲ್ಲ. ನಿನಗೂ ಬಿಡಲ್ಲ," ಎಂದಳು.