ಪಕ್ಕದಿಂದ ನುಸುಳುವ ಬೆಳಕು

ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಹಗಲು ಮಲಗಿದರೆ ಅತ್ತೆಗೆ ಮೈಯೆಲ್ಲ ಉರಿ.

"ಅಷ್ಟು ದಪ್ಪ ಪರದೆ ಹಾಕಿದ್ರೂ ಬೆಳಕಂತೆ! ಎಲ್ಲಾ ನೆಪ."

ಇವತ್ತು ಪರದೆ ಕೂರಿಸುವವನು ಬಂದು ನೋಡಿದ. "ಬಟ್ಟೆ ಸರಿಯಾಗೇ ಇದೆ. ಬೆಳಕು ಪಕ್ಕದಿಂದ, ಮೇಲಿಂದ ನುಸುಳ್ತಿದೆ."

ಪರದೆ ಜಾರುವ, ಕಿಟಕಿಗಿಂತ ಅಗಲವಾದ ಹೊಸ ಟ್ರ್ಯಾಕ್ ಹಾಕಿದ. ಅದರ ಎರಡೂ ತುದಿ ಗೋಡೆಯ ಕಡೆಗೆ ಬಾಗಿದ್ದರಿಂದ ಪರದೆಯ ಅಂಚೂ ತಿರುಗಿ ಗೋಡೆಗೆ ಅಂಟಿ ನಿಂತಿತು. ಮೇಲಿನ ಸಂದು ಮುಚ್ಚಲು ಟ್ರ್ಯಾಕಿನ ಮೇಲೆ ಪೆಲ್ಮೆಟ್ ಎಂಬ, ಮುಚ್ಚಳವಿದ್ದ ಮರದ ಪೆಟ್ಟಿಗೆ ಕೂರಿಸಿದ.

"ಬಾಗಿಲು ಹಾಕ್ಕೊಂಡು ಸ್ವಲ್ಪ ಹೊತ್ತು ಒಳಗಿರಿ. ಕಣ್ಣು ಕತ್ತಲಿಗೆ ಹೊಂದಿದ ಮೇಲೇ ಸಂದು ಕಾಣೋದು."

"ನಾನೇ ನೋಡ್ತೀನಿ. ಇವಳ ಮಾತು ನಂಬೋಕಾಗಲ್ಲ," ಎಂದು ಅತ್ತೆ ಕಂಕುಳಲ್ಲಿದ್ದ ನನ್ನ ಕೂಸನ್ನು ನನ್ನ ಕೈಗೆ ತುರುಕಿ ಒಳಹೋದರು.

ಅವನು ಸಾಮಾನೆಲ್ಲ ಕಟ್ಟಿದರೂ ಅತ್ತೆಯ ಸದ್ದಿಲ್ಲ. ಬಾಗಿಲು ಸರಿಸಿದರೆ, ನನ್ನ ಹಾಸಿಗೆಯಲ್ಲಿ ಗೊರಕೆ!

ನನಗೆ ಸಿಟ್ಟು ನೆತ್ತಿಗೇರಿತು. ಎಬ್ಬಿಸಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೂಸು, ಹಲ್ಲು ಬರುತ್ತಿರುವ ಕೂಸು, ನನ್ನ ಭುಜ ಕಚ್ಚಿ ಅಳತೊಡಗಿತು. ನಾನು ಡ್ಯೂಟಿಯಲ್ಲಿರುವಾಗ ರಾತ್ರಿಯಿಡೀ ಇದನ್ನು ಹೊತ್ತು ಓಡಾಡುವವರು ಯಾರು?

"ಅಮ್ಮ ಏನಂದ್ರು? ಬೆಳಕು ಬರುತ್ತಂತಾ?" ಪರದೆಯವನು ಹಿಂದಿನಿಂದ ಕೇಳಿದ.

"ಒಂದಿಷ್ಟೂ ಇಲ್ಲ," ಎಂದು ಬಾಗಿಲು ಮೆಲ್ಲಗೆ ಎಳೆದುಕೊಂಡೆ.