ಹದಿನಾಲ್ಕನೇ ಗೇಟಿನ ಬೇಲಿ

ಕೋಲ್ಕತ್ತಾದ ದಕ್ಷಿಣದ ಅಂಚಿನಲ್ಲಿ ಮಹಡಿ ಮನೆಗಳು ಮುಗಿದು ಗದ್ದೆಗಳು ಶುರುವಾಗುವಲ್ಲಿ ಭತ್ತದ ಕೊಯ್ಲು ಅರ್ಧ ಮುಗಿದಿತ್ತು. ಬೆಳಗಿನ ಮಂಜು ಹರಿಯುವ ಮೊದಲೇ ಕುಡುಗೋಲು ಹಿಡಿದವರು ಗದ್ದೆಗಿಳಿಯುತ್ತಿದ್ದರು. ಕಟ್ಟಿದ ಸಿವುಡುಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ದಿನವಿಡೀ ಹದಿನಾಲ್ಕನೇ ಗೇಟು ದಾಟಿ ಕಣಕ್ಕೆ ಹೋಗುತ್ತಿದ್ದವು. ಗೇಟ್‌ಮನ್ ವಿಶ್ವೇಶ್ವರ ಗದಗಿನ ಕಡೆಯವನು. ರೈಲ್ವೆ ಪರೀಕ್ಷೆ ಪಾಸಾಗಿ ಇಲ್ಲಿಗೆ ಬಂದು ಆರು ವರ್ಷವಾಗಿತ್ತು. ಅವನು ಆ ದಿನವೂ ಬೆಳಿಗ್ಗೆ ಆರಕ್ಕೆ ಪಾಳಿ ವಹಿಸಿಕೊಂಡು, ಪುಸ್ತಕದಲ್ಲಿ ಎಂದಿನ ಸಾಲು ಬರೆದು, ಹಳಿಯ ಸಂದಿನಲ್ಲಿ ಬಿದ್ದ ಹುಲ್ಲನ್ನು ಗುಡಿಸಿದ್ದ.

ಈಗ ಮಧ್ಯಾಹ್ನ ಎರಡು ಗಂಟೆ. ಲೋಕಲ್ ರೈಲು ಬಡಿದ ಟ್ರೈಲರಿನ ಮುರಿದ ಮೈ ಹಳಿಯ ಪಕ್ಕದ ತಗ್ಗಿನಲ್ಲಿ ಮಗುಚಿಕೊಂಡಿತ್ತು. ಸಿವುಡುಗಳು ಜಲ್ಲಿಯ ಮೇಲೆಲ್ಲ ಚೆಲ್ಲಿದ್ದವು. ಗೇಟ್‌ಮನ್ ಕೂರುವ ಪುಟ್ಟ ಗುಮಟಿಯೊಳಗೆ ಸ್ಟೂಲಿನ ಮೇಲೆ ಕುಳಿತ ಟ್ರಾಫಿಕ್ ಇನ್ಸ್‌ಪೆಕ್ಟರ್ ಘೋಷಾಲ್ ಬಿಳಿ ಹಾಳೆಯೊಂದನ್ನು ವಿಶ್ವೇಶ್ವರನ ಮುಂದೆ ಸರಿಸಿದರು. ಲೈನಿನ ಇನ್ಸ್‌ಪೆಕ್ಟರ್, ಪಾತ್ರ ಎಂಬುವರು, ಬಾಗಿಲಿಗೆ ಒರಗಿ ನಿಂತಿದ್ದರು. ಹಳಿ, ರಸ್ತೆ, ಬೇಲಿ ಎಲ್ಲ ಅವರ ಇಲಾಖೆಯದು.

"ಬರಿ ಬಿಶ್ಶೇಶ್ವರ್," ಎಂದರು ಘೋಷಾಲ್, ಅವನ ಹೆಸರನ್ನು ಬಂಗಾಳಿಯಂತೆ ಉಚ್ಚರಿಸಿ. "ಗೇಟು ಹೇಗಿತ್ತು, ಸಿಗ್ನಲ್ ಹೇಗಿತ್ತು, ಎಷ್ಟು ಗಂಟೆಗೆ. ಕಥೆ ಬೇಡ."

"ಗೇಟು ಮುಚ್ಚಿತ್ತು ಸಾಹೇಬ್ರೆ. ಹತ್ತು ಮೂವತ್ತೊಂದಕ್ಕೆ ಸ್ಟೇಷನ್ನಿಂದ ಫೋನ್ ಬಂತು. ಎರಡೂ ಅಡ್ಡಪಟ್ಟಿ ಇಳಿಸಿ, ಬೀಗ ಹಾಕಿ, ಮುಚ್ಚಿದ್ದಕ್ಕೆ ಗುರುತಿನ ನಂಬರ್ ಸ್ಟೇಷನ್ನಿಗೆ ಕೊಟ್ಟೆ. ಆಮೇಲೆ ಸಿಗ್ನಲ್ ಹಸಿರು ಮಾಡಿದೆ."

"ಟ್ರ್ಯಾಕ್ಟರ್ ಓಡಿಸ್ತಿದ್ದ, ಈಗ ಆಸ್ಪತ್ರೆಯಲ್ಲಿ ಮಲಗಿರೋ ನಿತಾಯಿ ನಸ್ಕರ್ ಬೇರೆ ಹೇಳ್ತಾನೆ. ಗೇಟು ತೆರೆದಿತ್ತು ಅಂತ ಪೊಲೀಸರಿಗೆ ಬರೆಸಿದ್ದಾನೆ." ಘೋಷಾಲ್ ಕನ್ನಡಕ ಮೇಲಕ್ಕೆ ತಳ್ಳಿ ಅವನ ಮುಖವನ್ನೇ ನೋಡಿದರು. "ನಿನಗೆ ಅವನ ಪರಿಚಯ ಇದೆಯಂತೆ?"

ವಿಶ್ವೇಶ್ವರ ಹೌದೆಂದ. ಹಿಂದಿನ ಮಳೆಗಾಲ ಹೆಂಡತಿ ಅಹಲ್ಯಾಗೆ ಏಳನೇ ತಿಂಗಳಲ್ಲೇ ನೋವು ಶುರುವಾದಾಗ ಕ್ವಾರ್ಟರ್ಸ್ ಮುಂದೆ ಸೊಂಟದ ಮಟ್ಟ ನೀರಿತ್ತು. ಆಂಬುಲೆನ್ಸ್ ಬರಲಿಲ್ಲ. ನಿತಾಯಿ ಟ್ರೈಲರಿನಲ್ಲಿ ಹುಲ್ಲು ಹಾಸಿ, ನೀರು ಸೀಳಿಕೊಂಡು ಅವಳನ್ನು ಆಸ್ಪತ್ರೆ ಮುಟ್ಟಿಸಿದ್ದ. ತಾಯಿ, ಮಗು ಇಬ್ಬರೂ ಉಳಿದರು. ಇದೇ ಟ್ರೈಲರು.

"ಪರಿಚಯದವನಿಗೆ ಗೇಟು ಎತ್ತಿಬಿಟ್ಟೆಯಾ?"

"ಸಿಗ್ನಲ್ ಹಸಿರಿರುವಾಗ ಗೇಟಿನ ಬೀಗ ಬಿಚ್ಚೋದಿಲ್ಲ ಸಾಹೇಬ್ರೆ. ನಿಮಗೂ ಗೊತ್ತು."

"ನನಗೆ ಗೊತ್ತಿರೋದನ್ನ ನಾನು ಕೇಳ್ತಿಲ್ಲ. ನೀನು ಏನು ಮುಚ್ಚಿಡ್ತಿದ್ದೀಯ ಅಂತ ಕೇಳ್ತಿದ್ದೀನಿ." ಘೋಷಾಲ್ ಸ್ಟೇಷನ್ನಿನ ಯಂತ್ರ ದಾಖಲಿಸಿದ ಸಮಯದ ಚೀಟಿ ತೆಗೆದರು. "ಗೇಟು ಬೀಗ, ಹತ್ತು ಮೂವತ್ಮೂರು. ಸಿಗ್ನಲ್ ಹಸಿರು, ಮೂವತ್ನಾಲ್ಕು. ರೈಲು ಸಿಗ್ನಲ್ ದಾಟಿದ್ದು ಮೂವತ್ತೆಂಟು, ಹತ್ತು ಸೆಕೆಂಡು. ನೀನು ಸಿಗ್ನಲ್ ಕೆಂಪಿಗೆ ಹಾಕಿದ್ದು ಮೂವತ್ತೆಂಟು, ಹದಿನಾರು. ಆರು ಸೆಕೆಂಡು ತಡ. ಅಡ್ಡಪಟ್ಟಿ ಮುರಿದಿಲ್ಲ, ಬಣ್ಣ ಕೂಡ ಕೆರೆದಿಲ್ಲ. ಹಾಗಾದ್ರೆ ಟ್ರ್ಯಾಕ್ಟರ್ ಒಳಗೆ ಆಕಾಶದಿಂದ ಇಳೀತಾ?"

ಪಾತ್ರ ಬಾಗಿಲಿಂದ ನಕ್ಕರು. "ಅಡ್ಡಪಟ್ಟೀನ ಕೈಯಲ್ಲೇ ಎತ್ತಿ ನುಗ್ಗಿಸಿರ್ತಾನೆ, ದಾದಾ. ಈ ಊರಿನವರು ಏನು ಕಮ್ಮೀನಾ? ಹಾಗಂತ ಬರೆದುಬಿಡು ಮಾರಾಯ. ನಿನ್ನ ಗೇಟೂ ಸರಿ, ನಿನ್ನ ಸಿಗ್ನಲ್ಲೂ ಸರಿ. ಜೈಲಿಗೆ ಹೋಗೋನು ಅವನು."

ಘೋಷಾಲ್ ಪಾತ್ರರತ್ತ ತಿರುಗಲಿಲ್ಲ. ಪೆನ್ನಿನ ತುದಿಯನ್ನು ವಿಶ್ವೇಶ್ವರನ ಕೈಯ ಕಡೆ ತೋರಿಸಿ, ಬರೆ ಎನ್ನುವಂತೆ ತಲೆಯಾಡಿಸಿದರು.

ವಿಶ್ವೇಶ್ವರ ಪೆನ್ನು ಹಿಡಿದ. ಅಡ್ಡಪಟ್ಟಿಯ ತುದಿ ಬೀಗದೊಳಗೆ ಕಚ್ಚಿಕೊಂಡ ಮೇಲೆ ನಾಲ್ಕು ಜನ ಸೇರಿದರೂ ಅದು ಮೇಲೇಳದು. ಎದ್ದಿದ್ದರೆ ಆ ಚೀಟಿಯಲ್ಲೇ ಅದರ ಸಮಯವೂ ಇರುತ್ತಿತ್ತು. ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಘೋಷಾಲರಿಗೆ ಇದು ತಿಳಿಯದೆ? ಪಾತ್ರ ಹೇಳಿದ್ದನ್ನು ಬರೆದರೆ ಸುಳ್ಳುಗಾರನೆಂದು ಹಿಡಿಯಲು ಕಾದಿದ್ದಾರೆಯೇ, ಅಥವಾ ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದಿದ್ದಾರೆಯೇ? ಅವನಿಗೆ ಗೊತ್ತಾಗಲಿಲ್ಲ.

ಫೋನು ಅದುರಿತು. ಘೋಷಾಲರನ್ನು ಕೇಳಿಕೊಂಡು ಹೊರಗೆ ಬಂದ. ಅಹಲ್ಯಾ.

"ಏನ್ ಬರದ್ರಿ?"

"ಇನ್ನೂ ಇಲ್ಲ."

"ಗೇಟ್ ತಗದಿತ್ತು ಅಂತ ಹೇಳ್ಯಾನಂತಲ್ರಿ ಆ ನಿತಾಯಿ ದಾದಾ! ಓಣಿಯವರೆಲ್ಲಾ ಅದನ್ನ ಮಾತಾಡಾಕತ್ತಾರ. ನನ್ನ ಹೊತ್ತುಕೊಂಡು ಹೋದಂವ ಹಿಂಗ ಅಂತಾನೇನ್ರಿ?"

"ಕಾಲು ಮುರದೈತಿ. ಹೆದರ್ಯಾನ."

"ನೀವೂ ಹೆದರ್ರಿ ಸ್ವಲ್ಪ. ನೌಕರಿ ಹೋದ್ರ ಈ ಕೂಸಿನ್ನ ತಗೊಂಡು ಎಲ್ಲಿ ಹೋಗೂಣು?"

ಅವನ ಕಣ್ಣು ಹಳಿಯ ಪಕ್ಕದ ಕಾಲುದಾರಿಯ ಮೇಲಿತ್ತು. ದುರ್ಗಾಪೂಜೆಗೆ ಮೊದಲು ಚರಂಡಿ ತೋಡುವವರು ಅಲ್ಲಿಯ ತಂತಿಬೇಲಿ ಕಿತ್ತಿದ್ದರು. ಮತ್ತೆ ಯಾರೂ ಹಾಕಲಿಲ್ಲ. ಗದ್ದೆಯಿಂದ ಹಳಿಯುದ್ದಕ್ಕೂ ಬಂದು ಎರಡು ಅಡ್ಡಪಟ್ಟಿಗಳ ನಡುವೆಯೇ ರಸ್ತೆಗೆ ಹತ್ತಬಹುದಿತ್ತು. ಟ್ರ್ಯಾಕ್ಟರಿನವರಿಗೆ ಅರ್ಧ ಮೈಲಿ ಸುತ್ತು ಉಳಿಯುತ್ತಿತ್ತು. ರೈಲಿಲ್ಲದ ಹೊತ್ತಿಗೆ ವಿಶ್ವೇಶ್ವರನೇ ಎಷ್ಟೋ ಸಲ ಕೈಬೀಸಿ ಬಿಟ್ಟಿದ್ದ. ಇಂದು ನಿತಾಯಿ ಕೈಬೀಸುವುದಕ್ಕೂ ಕಾಯದೆ, ಗೇಟು ಮುಚ್ಚಿದ್ದನ್ನೂ ಲೆಕ್ಕಿಸದೆ ಹತ್ತಿದ. ಟ್ರೈಲರಿನ ಚಕ್ರ ರಸ್ತೆಯ ಹಾಸಿನಿಂದ ಜಾರಿ ಜಲ್ಲಿಗೆ ಇಳಿದು ಹಳಿಯ ಮೇಲೇ ಸಿಕ್ಕಿಬಿತ್ತು. ವಿಶ್ವೇಶ್ವರ ಸಿಗ್ನಲ್ಲಿನ ಲಿವರ್ ಎಳೆದು, ಕೆಂಪು ಬಾವುಟ ಹಿಡಿದು ಓಡಿದ್ದ. ಲೋಕಲ್ ಆಗಲೇ ಸಿಗ್ನಲ್ ದಾಟಿತ್ತು.

ಬೇಲಿಯ ವಿಷಯವನ್ನು ಅವನು ಹಳಿ ನೋಡಲು ಬರುವವನಿಗೆ ಮೂರು ಸಲ ಹೇಳಿದ್ದ. ಬಾಯಿಮಾತಿನಲ್ಲಿ. ಪಾಳಿ ಪುಸ್ತಕದಲ್ಲಿ ಮಾತ್ರ ಆರು ವರ್ಷದಿಂದ ಒಂದೇ ಸಾಲು: 'ಗೇಟು, ಸಿಗ್ನಲ್, ರಸ್ತೆ, ಬೇಲಿ ಸರಿ ಇವೆ.' ಮೂರು ಪಾಳಿಯ ಮೂವರೂ ಹಿಂದಿನವನ ಸಾಲನ್ನು ನೋಡಿ ಹಾಗೇ ಇಳಿಸುತ್ತಿದ್ದರು. ಅವನಿಗೆ ಈ ಕೆಲಸ ಹೇಳಿಕೊಟ್ಟ ಮೇಷ್ಟರು ಕಲಿಸಿದ್ದೂ ಹಾಗೆಯೇ. ಇಂದು ಬೆಳಿಗ್ಗೆ ಅವನೂ ಅದನ್ನೇ ಬರೆದಿದ್ದ.

ಒಳಗೆ ಬಂದು ಕುಳಿತು ಹಿಂದಿಯಲ್ಲಿ, ನಿಧಾನವಾಗಿ ಬರೆದ. ಗೇಟು ಮುಚ್ಚಿ ಬೀಗ ಬಿದ್ದಿತ್ತು. ಸಿಗ್ನಲ್ ಹಸಿರಿತ್ತು. ಟ್ರ್ಯಾಕ್ಟರ್ ಅಡ್ಡಪಟ್ಟಿ ಮುರಿಯಲಿಲ್ಲ, ಎತ್ತಲಿಲ್ಲ. ಬೇಲಿಯಿಲ್ಲದ ಕಡೆಯಿಂದ ಬಂತು. ಬೇಲಿ ಇಲ್ಲವೆಂದು ನನಗೆ ತಿಳಿದಿತ್ತು. ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಆದರೂ ಸರಿ ಇದೆ ಎಂದು ದಿನವೂ ಬರೆದೆ. ಆ ದಾರಿಯಲ್ಲಿ ಬರುವವರನ್ನು ಹಿಂದೆ ನಾನೇ ಬಿಟ್ಟಿದ್ದೇನೆ.

ಪಾತ್ರ ಬಗ್ಗಿ ಓದಿದರು. ನಗು ಹೋಯಿತು. "ಇದು ಯಾರು ಹೇಳಿಕೊಟ್ಟದ್ದು? ನನ್ನ ಮೇಲೆ ಹಾಕೋಕೆ ಟ್ರಾಫಿಕ್‌ನವರದೇ ಕೆಲಸ, ಅಲ್ವಾ ಘೋಷಾಲ್‌ದಾ?"

"ನಾನ್ಯಾಕೆ ಹೇಳಲಿ? ನನ್ನ ಗೇಟ್‌ಮನ್ನೇ ಮುಳುಗ್ತಿದ್ದಾನಲ್ಲ." ಘೋಷಾಲ್ ಪಾಳಿ ಪುಸ್ತಕವನ್ನು ತಿರುವಿದರು. ಒಂದೇ ಸಾಲು, ಪುಟದ ಮೇಲೆ ಪುಟ. ಹೊರಗೆ ಹೋಗಿ ಕಿತ್ತ ಬೇಲಿಕಂಬಗಳ ಗುಳಿಗಳನ್ನೂ, ಮಣ್ಣಿನ ಮೇಲಿನ ಟೈರಿನ ಗುರುತನ್ನೂ ಫೋಟೋ ತೆಗೆದು ಬಂದರು. "ನಿನ್ನನ್ನ ಇವತ್ತಿಂದ ಡ್ಯೂಟಿಯಿಂದ ಇಳಿಸ್ತಾರೆ. ಚಾರ್ಜ್‌ಶೀಟ್ ಬರುತ್ತೆ. ನೌಕರಿ ಹೋಗ್ಲಿಕ್ಕಿಲ್ಲ, ಆದ್ರೆ ಖಂಡಿತ ಅಂತ ಹೇಳಲಾರೆ. ಸಹಿ ಹಾಕು."

ಅವನು ಸಹಿ ಹಾಕಿದ. ಮುಂದಿನ ಪಾಳಿಯವನಿಗೆ ಕೀಲಿ, ಬಾವುಟ, ಪುಸ್ತಕ ಒಪ್ಪಿಸಿ ಹೊರಬಂದಾಗ ಅಡ್ಡಪಟ್ಟಿಯ ಆಚೆ ನಿತಾಯಿಯ ಹೆಂಡತಿ ಮಾಲತಿ ನಿಂತಿದ್ದಳು. ಅವನು ಅವಳನ್ನು ಬೌದಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ. ಆಸ್ಪತ್ರೆಯಿಂದ ನೇರ ಬಂದಿದ್ದಳು.

"ನಮ್ಮವರ ಮೇಲೆ ಏನು ಬರೆದೆ?"

"ಗೇಟು ಮುರಿಯಲಿಲ್ಲ ಅಂತ ಬರೆದೆ ಬೌದಿ. ಮುರಿದಿದ್ದರೆ ದೊಡ್ಡ ಕೇಸು. ಬೇಲಿಯ ಕಡೆಯಿಂದ ಬಂದ ಅಂತ ಬರೆದೆ. ನನ್ನ ತಪ್ಪನ್ನೂ ಬರೆದೆ."

"ಗೇಟು ಮುಚ್ಚಿತ್ತು ಅಂತ ಬರೆದೆಯೋ ಇಲ್ಲವೋ?"

"ಮುಚ್ಚಿತ್ತಲ್ಲ ಬೌದಿ."

"ತೆರೆದಿತ್ತು ಅಂದ್ರೆ ಮಾತ್ರ ಪರಿಹಾರ ಸಿಗುತ್ತೆ ಅಂತ ಎಲ್ಲರೂ ಹೇಳಿದ್ರು." ಅವಳ ದನಿ ತಗ್ಗಿತು. "ಆ ರಾತ್ರಿ ನಮ್ಮವರು ನಿನ್ನ ಹೆಂಡತಿಗೋಸ್ಕರ ಏನೂ ಕೇಳದೆ ಬಂದರು."

"ಗೊತ್ತು."

"ಗೊತ್ತಿದ್ದೂ ಬರೆದೆ."

ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಲ್ಲಿಯ ಮೇಲಿನ ಸಿವುಡುಗಳನ್ನು ಆಯತೊಡಗಿದಳು. ಅವನೂ ಬಗ್ಗಿ ಎರಡನ್ನು ಎತ್ತಿಕೊಂಡ. ಅವಳು ಬಂದು ಅವನ ಕೈಯಿಂದ ಅವನ್ನು ಕಿತ್ತುಕೊಂಡು ತನ್ನ ರಾಶಿಯ ಮೇಲೆ ಹಾಕಿದಳು.