ಕರಿ ಬಣ್ಣದ ಕೆಳಗೆ

ಅಕ್ಕಿ ಮಿಲ್ಲಿನ ಬಾಯ್ಲರ್‌ನಿಂದ ಕಳಚಿ ತಂದ ಬೋರ್ಡನ್ನು ಮಲ್ಲೇಶ ಮೇಜಿನ ಮೇಲೆ ಕುಕ್ಕಿ, ರಿಪೇರಿ ಏನೂ ಬೇಡ, ಒರೆಸಿ ಒಳಗಿಡು ಎಂದ. ಗಂಗಾವತಿಯ ಆ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಅವನದು. ಬೆಸುಗೆಯ ಕೈ ಮಾತ್ರ ತಂಗಿ ಗೀತಾಳದು. ಬಾಯ್ಲರ್‌ನಲ್ಲಿ ನೀರಿಳಿದರೆ ಪಂಪು ಎಬ್ಬಿಸಿ ಗಂಟೆ ಬಾರಿಸಬೇಕಾದ ಬೋರ್ಡು ಅದು. ಬಾರಿಸಿರಲಿಲ್ಲ. ನೀರಿಲ್ಲದ ಕೊಳವೆ ಕಾದು ಒಡೆದು, ಬೆಂಕಿಯ ಬಾಗಿಲ ಮುಂದಿದ್ದ ಕೆಲಸಗಾರ ಹುಸೇನಪ್ಪನ ಮುಖ, ಎದೆ ಹಬೆಯಲ್ಲಿ ಬೆಂದುಹೋಗಿದ್ದವು.

ಹುಸೇನಪ್ಪ ಕಣ್ಣು ಮುಚ್ಚಿ ಮಲಗಿದ್ದ ಎಂದು ಮಿಲ್ಲಿನ ಮಾಲೀಕ ಊರಿಗೆಲ್ಲ ಸಾರಿಬಿಟ್ಟ. ನೀರಿನ ಮಟ್ಟ ತೋರಿಸುವ ಗಾಜು ಮಸಿ ಹಿಡಿದು ಕುರುಡಾಗಿದ್ದನ್ನು ಸಾರುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಹೊಟ್ಟಿನ ದೂಳು ಕೂರಬಾರದೆಂದು ರಿಪೇರಿಯಾದ ಪ್ರತಿ ಬೋರ್ಡಿಗೂ ವಾರ್ನಿಷ್ ಬಳಿಯುವುದು ಆ ಅಂಗಡಿಯ ಪದ್ಧತಿ. ಬೋರ್ಡು ಯಾಕೆ ಗಂಟೆ ಬಾರಿಸಲಿಲ್ಲವೆಂದು ನೋಡಲು ಗೀತಾ ಥಿನ್ನರ್‌ನಲ್ಲಿ ಅದ್ದಿದ ಹತ್ತಿಯಿಂದ ಅದನ್ನು ತೆಗೆಯತೊಡಗಿದಳು. ಮೊನ್ನೆ ರಿಪೇರಿಯಲ್ಲಿ ತಾನು ಹಾಕಿದ್ದ ಐಸಿ ಚಿಪ್ಪಿನ ಮೇಲೆ ಕೈಯಾಡಿಸಿದಾಗ ಹತ್ತಿ ಕಪ್ಪಾಯಿತು. ಅಸಲಿ ಚಿಪ್ಪಿನ ಕಪ್ಪು ಅದರ ಮೈಯದೇ, ಬಳಿದದ್ದಲ್ಲ. ಅದು ಹತ್ತಿಗೆ ಅಂಟಬಾರದು.

ಸೂಕ್ಷ್ಮದರ್ಶಕದ ಕ್ಯಾಮೆರಾ ಹಚ್ಚಿ, ದೀಪವನ್ನು ಓರೆಯಾಗಿ ಹಿಡಿದು ಫೋಟೋ ತೆಗೆದಳು. ಬಣ್ಣ ಹೋದ ಕಡೆ ಒಂದೇ ದಿಕ್ಕಿಗೆ ಎಳೆದ ಉಜ್ಜುಗೆರೆಗಳು. ಚಿಪ್ಪಿನ ಒಂದನೇ ಲೋಹದ ಕಾಲಿನ ಪಕ್ಕದ ದುಂಡನೆಯ ಕುಳಿಯಲ್ಲಿ ಅರ್ಧ ಬಣ್ಣ ತುಂಬಿಕೊಂಡಿತ್ತು. ಮೈಯ ಪಕ್ಕಗಳು ತರಿತರಿ, ಮೇಲ್ಭಾಗ ಬೇರೆಯದೇ ನುಣುಪು. ಮಲ್ಲೇಶ ತಂದಿದ್ದ ಅದೇ ಸರಕಿನಲ್ಲಿ ಉಳಿದಿದ್ದ ಚಿಪ್ಪುಗಳನ್ನೂ ಒಂದೊಂದಾಗಿ ನೋಡಿದಳು. ಮೇಲೆ ಎಲ್ಲಕ್ಕೂ ಒಂದೇ ತಯಾರಿಕೆಯ ವಾರ. ಕೆಳಗೆ ಅಚ್ಚಿನಲ್ಲಿ ಬಂದ ದೇಶದ ಹೆಸರು ಒಂದಕ್ಕೊಂದು ಬೇರೆ. ಎಂದೂ ಬಳಸದ ಚಿಪ್ಪಿನ ಕಾಲು ನಯವಾಗಿರಬೇಕು. ಇವುಗಳ ಕಾಲಿನ ಒಳಬದಿಯಲ್ಲಿ ಗೀರುಗಳಿದ್ದವು, ಕಾಲು ಬಾಗುವಲ್ಲಿಯವರೆಗೂ ಹಳೇ ಬೆಸುಗೆ ಏರಿತ್ತು, ಅದರ ಮೇಲೆ ಹೊಸ ತವರದ ಲೇಪ: ಯಾವುದೋ ಹಳೇ ಬೋರ್ಡಿನಿಂದ ಕಿತ್ತವು. ಒಂದರ ಮೇಲೆ ಸರಿಯಾಗಿ ಉಜ್ಜದ ಹಳೇ ಅಂಕಿ ಮಸುಕಾಗಿ ಉಳಿದಿತ್ತು: ಮನೆಯ ಟೀವಿಗೆ ಸಾಕಾಗುವ ಚಿಪ್ಪು. ಅದನ್ನೇ ಉಜ್ಜಿ, ಬಣ್ಣ ಬಳಿದು, ಹೆಚ್ಚು ಕಾವು ತಡೆಯುವ ಚಿಪ್ಪಿನ ನಂಬರು ಕೊರೆದಿದ್ದರು.

ಬೋರ್ಡಿಗೆ ಬಿಸಿಗಾಳಿ ಹಿಡಿದಳು. ತಣ್ಣಗಿರುವಾಗ ಎಲ್ಲ ಸರಿ. ಬಾಯ್ಲರ್ ಪಕ್ಕದ ಪೆಟ್ಟಿಗೆಯಷ್ಟು ಕಾದ ಮೇಲೆ, ನೀರೇ ಇಲ್ಲದೆ 'ನೀರಿದೆ' ಎಂಬ ದೀಪ ಹತ್ತಿ ಹಾಗೆಯೇ ನಿಂತಿತು. ಅಂಗಡಿಯಲ್ಲಿ ಅವರು ಪರೀಕ್ಷೆ ಮಾಡುತ್ತಿದ್ದದ್ದು ಫ್ಯಾನಿನ ಕೆಳಗೆ.

ಮಲ್ಲೇಶನಿಗೆ ಫೋಟೋ ತೋರಿಸಿದಳು. ಅವನು ಬಹಳ ಹೊತ್ತು ನೋಡಿ, ಅಗ್ಗಕ್ಕೆ ಸಿಕ್ಕಿತೆಂದು ತಂದೆ, ನನಗೇನು ಗೊತ್ತು ಎಂದು ಗೊಣಗಿದ. ಬಾಯಿ ಬಿಟ್ಟರೆ ಇಬ್ಬರೂ ಒಳಗೆ ಹೋಗುತ್ತೇವೆ ಎಂದೂ ಸೇರಿಸಿದ. ಗೀತಾಳಿಗೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚಾಯಿತು, ಅರ್ಧ ಅಣ್ಣನ ಮೇಲೆ, ಅರ್ಧ ತನ್ನ ಕೈ ಮೇಲೆ. ಫೋಟೋಗಳನ್ನು ಬಾಯ್ಲರ್ ತಪಾಸಣೆಯ ಅಧಿಕಾರಿಗೆ ಕಳಿಸಿ, ಕೊಪ್ಪಳದ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಹುಸೇನಪ್ಪನ ಕಣ್ಣಿಗೆ ಪಟ್ಟಿ ಸುತ್ತಿದ್ದರು. ಅವನು ಫೋಟೋ ನೋಡಲಾರನೆಂಬುದು ಹೊರಡುವಾಗ ಅವಳಿಗೆ ಹೊಳೆದೇ ಇರಲಿಲ್ಲ. ಫೋನು ಚೀಲಕ್ಕೆ ಹಾಕಿ, ಹೆಂಡತಿ ಹೊಳಿಯಮ್ಮನ ಪಕ್ಕ ಕೂತು, ಎಲ್ಲವನ್ನೂ ಬಾಯಿಮಾತಲ್ಲೇ ಹೇಳಿದಳು.

"ಹಾಕಿದಾಕಿ ನಾನ ಕಾಕಾ. ಚಿಪ್ಪು ಖೊಟ್ಟಿ ಇತ್ತು. ನೀವು ಮಲಗಿರಲಿಲ್ಲ."

"ಎಲ್ಲಾರೂ ಅಂದ್ರವ್ವಾ," ಎಂದ ಹುಸೇನಪ್ಪ. "ಕಣ್ಣು ಹತ್ತಿರಬೇಕು ಅಂತ ನಾನೂ ನಂಬಿದ್ದೆ."

ಆಮೇಲೆ, ಮಿಲ್ಲು ನಿಂತೈತೇನು ಎಂದು ಕೇಳಿದ. ಇಲ್ಲ, ಎರಡನೇ ಬಾಯ್ಲರ್ ಹಚ್ಚ್ಯಾರ, ನಿನ್ನೆಯಿಂದ ನಮ್ಮ ದುರುಗೇಶನೇ ಬೆಂಕಿ ಮುಂದೆ ಅದಾನ ಎಂದಳು ಹೊಳಿಯಮ್ಮ, ಮಗನಿಗೆ ಕೆಲಸ ಸಿಕ್ಕಿದ್ದೇ ದೊಡ್ಡದೆಂಬಂತೆ. ಎರಡನೇ ಬಾಯ್ಲರ್‌ನ ಬೋರ್ಡಿಗೂ ಅದೇ ಸರಕಿನ ಚಿಪ್ಪನ್ನು ಗೀತಾಳೇ ಬೆಸೆದಿದ್ದಳು. ದುರುಗೇಶನಿಗೆ ಫೋನು ಹಚ್ಚಿ, ಕಾದ ಕೊಳವೆಗೆ ನೀರು ಬಿದ್ದರೆ ಒಡೆಯುತ್ತದೆ, ನೀರು ಬಿಡಬೇಡ, ಮೊದಲು ಬೆಂಕಿ ಎಳೆದು ಹಾಕಿ ಹೊರಗೆ ಬಾ ಎಂದಳು. ಹುಡುಗ ಎದುರು ಮಾತಾಡದೆ ಹಾಗೆಯೇ ಮಾಡಿದ.

ಮಾಲೀಕನಿಗೆ ಹಚ್ಚಿದರೆ ಅವನು ನಕ್ಕುಬಿಟ್ಟ. ಸೋಮವಾರ ಅಧಿಕಾರಿ ಬರಲಿ, ಅಲ್ಲಿವರೆಗೆ ಭತ್ತ ಕೊಳೆಯಬೇಕೇ ಎಂದ. ಅಷ್ಟರಲ್ಲೇ ದುರುಗೇಶನನ್ನು ಕೆಲಸದಿಂದ ತೆಗೆದು, ಇನ್ನೊಬ್ಬ ಕೆಲಸಗಾರ ರಸೂಲಸಾಬನನ್ನು ನಿಲ್ಲಿಸಿ, ಮತ್ತೆ ಬೆಂಕಿ ಹಾಕಿಸಿದ್ದ. ರಸೂಲಸಾಬನ ಬಳಿ ಫೋನಿರಲಿಲ್ಲ. ಗೀತಾ ಪೊಲೀಸರಿಗೆ ಹಚ್ಚಿದಳು. ಬಂದು ಬರೆದುಕೊಡಿ ಎಂದರು. ಅವಳು ಚೀಲ ಹೆಗಲಿಗೇರಿಸಿ, ಮಿಲ್ಲಿಗೇ ಹೋಗಿ ಬೋರ್ಡು ಕಿತ್ತುಬಿಡುತ್ತೇನೆಂದು ಎದ್ದಳು.

"ಲಗು ಹೋಗವ್ವಾ," ಎಂದ ಹುಸೇನಪ್ಪ. "ಏನರ ಆತಂದ್ರ, ಅಂವನೂ ಕಣ್ಣು ಮುಚ್ಚಿದ್ದ ಅಂತಾರ."